ಫೈಲಿನಲ್ಲಿ ಚದುರಿದ ಇಂಕ್ರಿಮೆಂಟ್, ಬಡ್ತಿ ಪತ್ರಗಳಿಂದ ಸಂಬಳದ ಇತಿಹಾಸ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದ ಮಾಚೇನಹಳ್ಳಿ ಕಡೆಯ ಕಾರ್ಖಾನೆಗಳಲ್ಲಿ ಸಿಬ್ಬಂದಿ ವಿಭಾಗದ ಗುಮಾಸ್ತನಾಗಿ ಬಹಳ ವರ್ಷ ಕೂತವನು. ಈಗಲೂ ಸಾಗರ, ಭದ್ರಾವತಿ, ತೀರ್ಥಹಳ್ಳಿ ಕಡೆಯ ಸಣ್ಣ ಘಟಕಗಳಿಂದ ಫೋನ್ ಬರುತ್ತದೆ. ಕೇಳುವುದು ಹೆಚ್ಚುಕಡಿಮೆ ಒಂದೇ ವಿಷಯ. ಅದನ್ನೇ ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಉದ್ದಕ್ಕೂ ಒಬ್ಬರದೇ ಫೈಲು ತೆಗೆದುಕೊಂಡಿದ್ದೇನೆ. ಅವರು 2008ರಲ್ಲಿ ಸೇರಿದ ಒಬ್ಬ ಮೆಷಿನ್ ಆಪರೇಟರ್. ಹೆಸರು ಬೇಡ. ಗುರುತು ಸಿಗಬಾರದೆಂದು ಅಂಕಿಗಳನ್ನೂ ಸ್ವಲ್ಪ ಬದಲಿಸಿದ್ದೇನೆ, ಲೆಕ್ಕದ ದಾರಿ ಮಾತ್ರ ಹಾಗೇ ಇದೆ.

ಈಗಿನ ಸಂಬಳ ಗೊತ್ತಿದೆಯಲ್ಲ, ಹಳೆಯದನ್ನೆಲ್ಲ ಯಾಕೆ ಕೆದಕಬೇಕು?

ಎಲ್ಲದಕ್ಕೂ ಬೇಕಾಗುವುದಿಲ್ಲ. ಗ್ರಾಚ್ಯುಟಿ ಲೆಕ್ಕಕ್ಕೆ ಕೊನೆಯ ಸಂಬಳ ಮತ್ತು ಸೇವೆಯ ವರ್ಷ ಸಾಕು. ಪಿಎಫ್ ಪಿಂಚಣಿಗೆ ಕೊನೆಯ 60 ತಿಂಗಳ ಸರಾಸರಿ ನೋಡುತ್ತಾರೆ, ಅಲ್ಲಿಗೆ ಐದು ವರ್ಷದ ಲೆಕ್ಕ ಸಾಕಾಗುತ್ತದೆ.

ಪೂರ್ತಿ ಇತಿಹಾಸ ಬೇಕಾಗುವುದು ಜಗಳ ಬಂದಾಗ. ನಮ್ಮ ಆಪರೇಟರ್ ಕೇಳಿದ್ದು ಇಷ್ಟೇ: "ನನ್ನ ನಂತರ ಸೇರಿದವನ ಬೇಸಿಕ್ ನನಗಿಂತ ಜಾಸ್ತಿ ಹೇಗಾಯ್ತು ಸಾರ್? ನನ್ನದು ಎಲ್ಲೋ ಒಂದು ಇಂಕ್ರಿಮೆಂಟ್ ತಪ್ಪಿದೆ." ತಪ್ಪಿದೆಯೋ ಇಲ್ಲವೋ ಎಂದು ಹೇಳಬೇಕಾದರೆ ಸೇರಿದ ದಿನದಿಂದ ಒಂದೊಂದೇ ಮೆಟ್ಟಿಲು ನೋಡಬೇಕು. ಬೇರೆ ದಾರಿಯಿಲ್ಲ.

ಎಲ್ಲಿಂದ ಶುರು ಮಾಡಬೇಕು?

ಫೈಲಿನ ಕ್ರಮವನ್ನು ನಂಬಬೇಡಿ. ಟ್ಯಾಗಿನಲ್ಲಿ ಪತ್ರಗಳು ಹಾಕಿದ ಕ್ರಮದಲ್ಲಿರುತ್ತವೆ, ಹುಟ್ಟಿದ ಕ್ರಮದಲ್ಲಿ ಅಲ್ಲ. ರಜೆ ಚೀಟಿ, ಪಡಿತರ ಚೀಟಿಯ ನಕಲು, ಮೆಮೊ, ಮದುವೆ ಸಾಲದ ಅರ್ಜಿ ಇವುಗಳ ನಡುವೆ ಇಂಕ್ರಿಮೆಂಟ್ ಪತ್ರ ಸಿಕ್ಕಿಕೊಂಡಿರುತ್ತದೆ. ಒಂದು ಸಲವಂತೂ ಮೆಡಿಕಲ್ ಸರ್ಟಿಫಿಕೇಟಿನ ಹಿಂದೆಯೇ ಅಂಟಿಕೊಂಡು ಕೂತಿತ್ತು.

ಮೊದಲು ಫೈಲಿನಲ್ಲಿ ಇರುವ ಹಾಗೆಯೇ ಪ್ರತಿ ಹಾಳೆಗೂ ಪೆನ್ಸಿಲಿನಲ್ಲಿ ಪುಟಸಂಖ್ಯೆ ಹಾಕಿ. ಆಮೇಲೆ ಸಂಬಳ ಅಥವಾ ಹುದ್ದೆಯ ಮಾತಿರುವ ಹಾಳೆಗಳನ್ನಷ್ಟೇ ಫೋಟೊ ತೆಗೆದು ಅಥವಾ ಜೆರಾಕ್ಸ್ ಮಾಡಿ ಪಕ್ಕಕ್ಕಿಡಿ. ಮೂಲ ಹಾಳೆಗಳು ಫೈಲಿನಲ್ಲೇ ಇರಲಿ. ಕಿತ್ತು ಬೇರೆ ಕಟ್ಟು ಮಾಡಿದರೆ ಮುಂದೆ "ಈ ಪತ್ರ ಎಲ್ಲಿಂದ ಬಂತು" ಎಂದು ಯಾರಾದರೂ ಕೇಳಿದಾಗ ಉತ್ತರ ಇರುವುದಿಲ್ಲ.

ನಮ್ಮ ಮಲೆನಾಡಿನ ಫೈಲುಗಳಿಗೆ ಇನ್ನೊಂದು ಮಾತು. ಆರಿದ್ರಾ ಮಳೆ ಹಿಡಿದ ಮೇಲೆ ಗೋದಾಮಿನ ಫೈಲು ಬಿಚ್ಚಲು ಹೋಗಬೇಡಿ. ಹಾಳೆಗಳು ಒಂದಕ್ಕೊಂದು ಮೆತ್ತಿಕೊಂಡಿರುತ್ತವೆ, ಎಳೆದರೆ ಶಾಯಿ ಆಚೆ ಹಾಳೆಗೆ ಹೋಗುತ್ತದೆ. ಬೇಸಿಗೆಯವರೆಗೆ ಕಾಯುವ ಹಾಗಿಲ್ಲದಿದ್ದರೆ ಒಣ ಕೋಣೆಯಲ್ಲಿ ಫ್ಯಾನ್ ಹಾಕಿ ಒಂದೆರಡು ದಿನ ಬಿಡಿಸಿಡಿ. ಸ್ಟೇಪ್ಲರ್ ಪಿನ್ನುಗಳನ್ನು ಆಗಲೇ ತೆಗೆದುಬಿಡಿ. ಅದರ ತುಕ್ಕು ಹೆಚ್ಚಾಗಿ ಮೇಲಿನ ಎಡಮೂಲೆಯನ್ನೇ ತಿನ್ನುತ್ತದೆ. ಎಷ್ಟೋ ಪತ್ರಗಳಲ್ಲಿ ಉಲ್ಲೇಖ ಸಂಖ್ಯೆ ಇರುವುದು ಅಲ್ಲಿಯೇ.

ಪಟ್ಟಿಯಲ್ಲಿ ಯಾವ ಯಾವ ಕಾಲಂ ಇರಬೇಕು?

ಏಳು ಸಾಕು. ಜಾರಿಯಾದ ದಿನಾಂಕ, ಪತ್ರದ ದಿನಾಂಕ, ಪತ್ರದ ಬಗೆ, ಹಳೆ ಬೇಸಿಕ್, ಹೊಸ ಬೇಸಿಕ್, ಹುದ್ದೆ, ಆಧಾರ. ಆಧಾರ ಎಂದರೆ ಫೈಲಿನ ಪುಟಸಂಖ್ಯೆ. ಎಕ್ಸೆಲ್‌ನಲ್ಲಿ ಇವು A ಇಂದ G ವರೆಗೆ ಬರುತ್ತವೆ ಎಂದಿಟ್ಟುಕೊಳ್ಳಿ.

ಜನ ಸಾಮಾನ್ಯವಾಗಿ ಬಿಟ್ಟುಬಿಡುವುದು ಹಳೆ ಬೇಸಿಕ್ ಕಾಲಂ. "ಅದು ಮೇಲಿನ ಸಾಲಿನಲ್ಲೇ ಇದೆಯಲ್ಲ" ಎನ್ನುತ್ತಾರೆ. ಆದರೆ ಇಡೀ ಕೆಲಸದ ಬೆನ್ನೆಲುಬೇ ಅದು. ಈ ಪತ್ರ "ಹಳೆಯದು" ಎಂದು ಹೇಳುವ ಮೊತ್ತವೂ ಹಿಂದಿನ ಪತ್ರ "ಹೊಸದು" ಎಂದು ಹೇಳಿದ ಮೊತ್ತವೂ ಒಂದೇ ಆಗಿರಬೇಕು. ಆಗಿದ್ದರೆ ಸರಪಳಿ ಸರಿಯಿದೆ. ಆಗದಿದ್ದರೆ ನಡುವೆ ಒಂದು ಕೊಂಡಿ ಕಳಚಿದೆ. ಪಟ್ಟಿಯ ಆಚೆ ಖಾಲಿ ಇರುವ I ಕಾಲಂನ ಮೂರನೇ ಸಾಲಿನಲ್ಲಿ ಈ ಸೂತ್ರ ಹಾಕಿ ಕೆಳಗೆ ಎಳೆಯಿರಿ:

```
=IF(D3="","?",IF(D3=E2,"OK",D3-E2))
```

ಸರಿಯಿದ್ದರೆ OK, ಪತ್ರದಲ್ಲಿ ಹಳೆ ಬೇಸಿಕ್ ಬರೆದೇ ಇಲ್ಲದಿದ್ದರೆ ಪ್ರಶ್ನೆ ಗುರುತು, ಕೊಂಡಿ ಕಳಚಿದ್ದರೆ ಎಷ್ಟು ರೂಪಾಯಿ ವ್ಯತ್ಯಾಸ ಎಂಬುದು ಕಾಣುತ್ತದೆ. ಹಳೆ ಬೇಸಿಕ್ ಅನ್ನು ಪತ್ರದಲ್ಲಿ ಇದ್ದರೆ ಮಾತ್ರ ತುಂಬಿ. ಮೇಲಿನ ಸಾಲಿನಿಂದ ನೀವೇ ನಕಲು ಮಾಡಿ ತುಂಬಿದರೆ ಎಲ್ಲ ಕಡೆ OK ಬರುತ್ತದೆ, ಉಪಯೋಗ ಏನೂ ಇಲ್ಲ.

ಪತ್ರದ ದಿನಾಂಕವೋ, ಜಾರಿಯಾದ ದಿನಾಂಕವೋ? ಯಾವುದರ ಪ್ರಕಾರ ಜೋಡಿಸಬೇಕು?

ಜಾರಿಯಾದ ದಿನಾಂಕ. ಯಾವಾಗಲೂ ಅದೇ. ನಮ್ಮ ಆಪರೇಟರ್‌ಗೆ 18-06-2010ರ ಪತ್ರ ಒಂದಿತ್ತು. ಅದರ ಒಳಗೆ ಎರಡನೇ ಸಾಲಿನಲ್ಲಿ "01-04-2010ರಿಂದ ಅನ್ವಯ" ಎಂದಿತ್ತು. ಸಂಬಳ ಏರಿದ್ದು ಏಪ್ರಿಲ್‌ನಲ್ಲಿ, ಹಣ ಕೈಗೆ ಬಂದದ್ದು ಜೂನ್ ತಿಂಗಳ ಸಂಬಳದ ಜೊತೆ ಅರಿಯರ್ಸ್ ಆಗಿ.

ಪತ್ರದ ದಿನಾಂಕವನ್ನೂ ಬರೆದಿಟ್ಟುಕೊಳ್ಳಬೇಕು. ಒಂದೇ ಜಾರಿ ದಿನಾಂಕಕ್ಕೆ ಎರಡು ಪತ್ರ ಸಿಕ್ಕಾಗ ಯಾವುದು ಕೊನೆಯದು ಎಂದು ಹೇಳುವುದು ಅದೇ. ಇವರದ್ದರಲ್ಲೂ ಹಾಗಾಗಿತ್ತು. 01-04-2013ಕ್ಕೆ ಒಂದು ಪತ್ರ 6,000ದಿಂದ 6,500 ಎನ್ನುತ್ತದೆ, ಇನ್ನೊಂದು 6,000ದಿಂದ 6,600 ಎನ್ನುತ್ತದೆ. ಎರಡನೆಯದು ಹತ್ತು ದಿನ ತಡವಾದದ್ದು, ಅದರ ಕೊನೆಯಲ್ಲಿ "ಹಿಂದಿನ ಪತ್ರ ರದ್ದು" ಎಂಬ ಒಂದು ಸಾಲು. ಪಟ್ಟಿಯಲ್ಲಿ 6,600 ಮಾತ್ರ ಲೆಕ್ಕಕ್ಕೆ ಬರಬೇಕು. ಆದರೆ ರದ್ದಾದ ಪತ್ರವನ್ನು ಅಳಿಸಬೇಡಿ, ಟಿಪ್ಪಣಿಯಲ್ಲಿ ಅದರ ಪುಟಸಂಖ್ಯೆ ಇರಲಿ. ನೌಕರರ ಮನೆಯಲ್ಲಿ ಇರುವ ಪ್ರತಿ ಅದೇ ಆಗಿರಬಹುದು.

ದಿನಾಂಕ ಟೈಪ್ ಮಾಡುವಾಗ ಒಂದು ಎಚ್ಚರಿಕೆ. ಕೆಲವು ಕಂಪ್ಯೂಟರ್‌ಗಳಲ್ಲಿ ತಿಂಗಳು ಮೊದಲು, ದಿನ ಆಮೇಲೆ ಎಂಬ ಸೆಟ್ಟಿಂಗ್ ಇರುತ್ತದೆ. ಆಗ 01-04 ಜನವರಿ 4 ಆಗಿಬಿಡುತ್ತದೆ, 21-07 ದಿನಾಂಕವೇ ಅಲ್ಲ ಎಂದು ಎಡಕ್ಕೆ ಅಂಟಿಕೊಂಡು ಕೂರುತ್ತದೆ. ಕಾಲಂನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ನಿಂತಿದ್ದರೆ ಅದೇ ರೋಗ.

ಪತ್ರದಲ್ಲಿ "350 ರೂ. ಇಂಕ್ರಿಮೆಂಟ್ ನೀಡಲಾಗಿದೆ" ಎಂದಷ್ಟೇ ಇದೆ. ಹಳೆಯದೂ ಇಲ್ಲ, ಹೊಸದೂ ಇಲ್ಲ. ಏನು ಮಾಡಲಿ?

ಹಳೆ ಬೇಸಿಕ್ ಖಾಲಿ ಬಿಡಿ. ಹೊಸ ಬೇಸಿಕ್ ಅನ್ನು ಹಿಂದಿನ ಸಾಲಿಗೆ ಕೂಡಿಸಿ ಬರೆಯಿರಿ, ಆದರೆ ಬೇರೆ ಬಣ್ಣದಲ್ಲಿ. ಅದು ಪತ್ರ ಹೇಳಿದ್ದಲ್ಲ, ನೀವು ಲೆಕ್ಕ ಹಾಕಿದ್ದು. 2010ರ ಆ ಜೂನ್ ಪತ್ರ ಇಂಥದ್ದೇ. ಹಿಂದಿನ ವರ್ಷ ಕಾಯಂ ಆದಾಗ 4,200ರಿಂದ 4,650 ಆಗಿತ್ತು. ಅದಕ್ಕೆ 350 ಸೇರಿದರೆ 5,000. ಇದು ಸರಿಯೋ ಎಂದು ಮುಂದಿನ ಪತ್ರ ಹೇಳಬೇಕು. ಆದರೆ ಮುಂದಿನ ಪತ್ರ ಏನು ಹೇಳಿತು ನೋಡಿ.

ನಡುವೆ ಒಂದು ವರ್ಷದ ಪತ್ರವೇ ಇಲ್ಲ. ಕಂಡುಹಿಡಿಯುವುದು ಹೇಗೆ?

2010ರ ನಂತರ ಫೈಲಿನಲ್ಲಿ ಸಿಕ್ಕಿದ್ದು 01-04-2012ರಿಂದ ಅನ್ವಯವಾಗುವ ಪತ್ರ. "5,500ರಿಂದ 6,000" ಎಂದಿತ್ತು. ನಮ್ಮ ಸರಪಳಿ 5,000ದಲ್ಲಿ ನಿಂತಿದೆ. ಸೂತ್ರ 500 ಎಂದು ತೋರಿಸಿತು. ಎಂದರೆ ನಡುವೆ 500 ರೂಪಾಯಿ ಏರಿದೆ, ಪತ್ರ ಇಲ್ಲ. ಒಂದೇ ಸಲ ಏರಿತೋ ಎರಡು ಸಲವೋ, ಯಾವ ತಿಂಗಳಿಂದಲೋ, ಫೈಲು ನೋಡಿ ಹೇಳಲು ಆಗುವುದಿಲ್ಲ. ನೌಕರರ ಅನುಮಾನವೂ ಇಲ್ಲೇ ಇತ್ತು: "2011ರದ್ದು ನನಗೆ ಕೊಟ್ಟೇ ಇಲ್ಲ."

ಇಂಥ ಕಡೆ ಪಿಎಫ್ ಲೆಕ್ಕ ಕೈ ಹಿಡಿಯುತ್ತದೆ. ನೌಕರರ ಪಾಲು 12 ಪ್ರತಿಶತ. ಆ ತಿಂಗಳ ಕಡಿತವನ್ನು 0.12ರಿಂದ ಭಾಗಿಸಿದರೆ ಆ ತಿಂಗಳ ಪಿಎಫ್ ಸಂಬಳ ಸಿಗುತ್ತದೆ. 2012ರಲ್ಲಿ ಆನ್‌ಲೈನ್ ಚಲನ್ ಬರುವ ಮೊದಲು ಪ್ರತಿ ನೌಕರರಿಗೂ ವರ್ಷಕ್ಕೊಂದು 3ಎ ಕಾರ್ಡು ಇರುತ್ತಿತ್ತು. ಅದರಲ್ಲಿ ತಿಂಗಳು ತಿಂಗಳಿನ ಸಂಬಳ ಮತ್ತು ಕಡಿತ ಎರಡೂ ಇರುತ್ತವೆ. ಹಳೆ ಗುಮಾಸ್ತರು ಇದರ ಆಫೀಸ್ ಪ್ರತಿಯನ್ನು ಪಿಎಫ್ ಕಟ್ಟಿನಲ್ಲಿ ಇಟ್ಟಿರುತ್ತಾರೆ. ನೌಕರರ ಫೈಲಿನಲ್ಲಿ ಹುಡುಕಿ ಸಿಗದಿದ್ದರೆ ಅಲ್ಲಿ ನೋಡಿ. ಕಾರ್ಡಿನ ಮೊದಲ ಸಾಲು ಏಪ್ರಿಲ್ ಅಲ್ಲ, ಏಪ್ರಿಲ್‌ನಲ್ಲಿ ಕಟ್ಟಿದ ಮಾರ್ಚ್ ಸಂಬಳದ್ದು. ಒಂದು ತಿಂಗಳು ಆಚೀಚೆ ಆಗುವುದು ಇಲ್ಲೇ.

ಇವರ 2011-12ರ ಕಾರ್ಡು ನಮಗೆ ಸಿಕ್ಕಿತು. ಮಾರ್ಚ್‌ನಿಂದ ಜೂನ್‌ವರೆಗೆ ಕಡಿತ 600. ಭಾಗಿಸಿದರೆ 5,000. ಅಲ್ಲಿಗೆ 2010ರ ಆ ಅರೆಬರೆ ಪತ್ರದ ಲೆಕ್ಕ ಸರಿ ಎಂದಾಯಿತು. ಆಗಸ್ಟ್‌ನಿಂದ 660, ಎಂದರೆ 5,500. ನಡುವಿನ ಜುಲೈಯಲ್ಲಿ ಮಾತ್ರ 840. ಭಾಗಿಸಿದರೆ 7,000 ಬರುತ್ತದೆ! ನಮ್ಮ ಹುಡುಗನೊಬ್ಬ ಅದನ್ನು ಹಾಗೇ ಪಟ್ಟಿಗೆ ಹಾಕಿ, ಮುಂದಿನ ತಿಂಗಳು ಸಂಬಳ ಇಳಿಸಿದ್ದಾರೆ ಎಂದು ಗಾಬರಿಯಾಗಿದ್ದ.

840ರಲ್ಲಿ 660 ಜುಲೈಯದ್ದು. ಉಳಿದದ್ದು 180. ತಿಂಗಳಿಗೆ ಏರಿದ ಕಡಿತ 60. ಹಾಗಾದರೆ 180 ಎಂದರೆ ಮೂರು ತಿಂಗಳ ಬಾಕಿ: ಏಪ್ರಿಲ್, ಮೇ, ಜೂನ್. ಇಂಕ್ರಿಮೆಂಟ್ ಜಾರಿಯಾದದ್ದು 01-04-2011ರಿಂದ, ಒಂದೇ ಕಂತಿನಲ್ಲಿ, 500 ರೂಪಾಯಿ. ಪತ್ರ ಸಿಗದಿದ್ದರೂ ದಿನಾಂಕ ಸಿಕ್ಕಿತು. ನನಗೆ ಈ ಕೆಲಸದಲ್ಲಿ ಇಷ್ಟವಾಗುವುದು ಇಂಥ ಜಾಗವೇ. ಅರಿಯರ್ಸ್ ಲೆಕ್ಕ ಹಾಳು ಮಾಡುತ್ತದೆ ಎಂದು ಬೈಯುತ್ತೇವೆ, ಆದರೆ ಜಾರಿ ದಿನಾಂಕವನ್ನು ತೋರಿಸುವುದು ಅದೇ.

ಇವರಿಗೆ 2011ರ ಇಂಕ್ರಿಮೆಂಟ್ ಸಿಕ್ಕಿತ್ತು. ಪತ್ರದ ಪ್ರತಿ ಮಾತ್ರ ಫೈಲಿಗೆ ಬಿದ್ದಿರಲಿಲ್ಲ.

ಪಿಎಫ್ ಲೆಕ್ಕವನ್ನು ಎಲ್ಲಾ ಕಡೆ ನಂಬಬಹುದಾ?

ಇಲ್ಲ. ಆ ಘಟಕದಲ್ಲಿ ಮಿತಿ ಹಾಕದೆ ಪೂರ್ತಿ ಬೇಸಿಕ್ ಮೇಲೆ ಕಡಿತ ಮಾಡುತ್ತಿದ್ದರು, ಬೇರೆ ಡಿಎ ಇರಲಿಲ್ಲ. ಅದಕ್ಕೇ ಅಷ್ಟು ಚೊಕ್ಕಟವಾಗಿ ಬಂತು. ಎಷ್ಟೋ ಕಂಪನಿಗಳು ಕಾನೂನಿನ ಮಿತಿಯವರೆಗೆ ಮಾತ್ರ ಕಟ್ಟುತ್ತವೆ. ಆ ಮಿತಿ 2014ರ ಆಗಸ್ಟ್‌ವರೆಗೆ 6,500 ಇತ್ತು, ಸೆಪ್ಟೆಂಬರ್ 2014ರಿಂದ 15,000. ಆದ್ದರಿಂದ ಕಡಿತ 780 ಅಥವಾ 1,800 ಎಂದು ತಿಂಗಳುಗಟ್ಟಲೆ ನಿಂತಿದ್ದರೆ ಅದು ಸಂಬಳವಲ್ಲ, ಛಾವಣಿ. ಅದರ ಮೇಲೆ ಎಷ್ಟಿತ್ತು ಎಂದು ಅದು ಹೇಳುವುದಿಲ್ಲ. ಮೇಲೆ ಹೇಳಿದ 2013ರ ಎರಡು ಪತ್ರಗಳಲ್ಲಿ 6,500 ನಿಜವಾಗಿದ್ದರೆ ಕಡಿತ 780 ಆಗಿರುತ್ತಿತ್ತು, ಛಾವಣಿಯೋ ಸಂಬಳವೋ ಎಂದು ತಲೆ ಕೆಡುತ್ತಿತ್ತು. ಪಿಎಫ್ ಪಾಸ್‌ಬುಕ್‌ನಲ್ಲಿ 792 ಇತ್ತು, ಅಂದರೆ 6,600. ಬಚಾವಾದೆವು.

ಡಿಎ ಬೇರೆ ಇರುವ ಕಡೆ ಭಾಗಿಸಿ ಬರುವುದು ಬೇಸಿಕ್ ಮತ್ತು ಡಿಎ ಕೂಡಿದ ಮೊತ್ತ. ಕರ್ನಾಟಕದಲ್ಲಿ ಕನಿಷ್ಠ ವೇತನದ ಡಿಎ ಪ್ರತಿ ಏಪ್ರಿಲ್ 1ಕ್ಕೆ ಬೆಲೆ ಸೂಚ್ಯಂಕದ ಮೇಲೆ ಬದಲಾಗುತ್ತದೆ. ಅದಕ್ಕೆ ಯಾರೂ ಒಬ್ಬೊಬ್ಬರಿಗೆ ಪತ್ರ ಕೊಡುವುದಿಲ್ಲ. ಏಪ್ರಿಲ್‌ನಲ್ಲಿ ಮೊತ್ತ ಏರಿದೆ ಎಂದ ಮಾತ್ರಕ್ಕೆ ಇಂಕ್ರಿಮೆಂಟ್ ಎಂದುಕೊಳ್ಳಬೇಡಿ.

ಸಂಬಳವಿಲ್ಲದ ರಜೆಯೂ ಮೋಸ ಮಾಡುತ್ತದೆ. ಇವರ ಕಾರ್ಡಿನಲ್ಲಿ 2011ರ ನವೆಂಬರ್ ಕಡಿತ 572. ಅಡಿಕೆ ಕೊಯ್ಲಿಗೆ ನಾಲ್ಕು ದಿನ ಹೆಚ್ಚಿಗೆ ಊರಲ್ಲಿ ಉಳಿದಿದ್ದರು. 5,500ಕ್ಕೆ 30ರಲ್ಲಿ 26 ದಿನದ ಸಂಬಳ, ಅದರ 12 ಪ್ರತಿಶತ ಸರಿಯಾಗಿ 572. ಒಂದೇ ತಿಂಗಳು ಇಳಿದು ಮತ್ತೆ ಮೇಲೆ ಬಂದರೆ ಹಾಜರಿ ಪುಸ್ತಕ ನೋಡಿ.

ಬಡ್ತಿ ಪತ್ರದಲ್ಲಿ ಸಂಬಳದ ಮಾತೇ ಇಲ್ಲ. ಅದನ್ನೂ ಪಟ್ಟಿಗೆ ಹಾಕಬೇಕಾ?

ಹಾಕಬೇಕು, ತನ್ನದೇ ಸಾಲಿನಲ್ಲಿ. ಇವರಿಗೆ 22-11-2013ರ ಪತ್ರದಲ್ಲಿ 01-10-2013ರಿಂದ ಸೀನಿಯರ್ ಆಪರೇಟರ್ ಹುದ್ದೆ ಸಿಕ್ಕಿತು. "ವೇತನ ಪರಿಷ್ಕರಣೆಯನ್ನು ಪ್ರತ್ಯೇಕವಾಗಿ ತಿಳಿಸಲಾಗುವುದು" ಎಂದಿತ್ತು. ಆ ಪ್ರತ್ಯೇಕ ಪತ್ರ ಬಂದದ್ದು 03-03-2014ಕ್ಕೆ: 01-01-2014ರಿಂದ 6,600ರಿಂದ 7,500. ಎಂದರೆ ಹುದ್ದೆ ಅಕ್ಟೋಬರ್‌ನಿಂದ, ಹಣ ಜನವರಿಯಿಂದ. ಪಟ್ಟಿಯಲ್ಲಿ ಎರಡು ಸಾಲು. ಮೊದಲನೆಯದರಲ್ಲಿ ಹುದ್ದೆ ಮಾತ್ರ ಬದಲು, ಹಳೆ ಬೇಸಿಕ್ ಖಾಲಿ, ಹೊಸ ಬೇಸಿಕ್‌ನಲ್ಲಿ ಹಿಂದಿನ 6,600 ಹಾಗೇ. ಆ ಮೊತ್ತ ಪತ್ರದ್ದಲ್ಲ, ನೀವು ತುಂಬಿದ್ದು. ಹಾಗಾಗಿ ಅದೂ ಬೇರೆ ಬಣ್ಣದಲ್ಲಿರಲಿ. ಎರಡನೆಯದರಲ್ಲಿ ಬೇಸಿಕ್ ಬದಲು.

ಜನ ತಪ್ಪುವುದು ಇಲ್ಲೇ ಜಾಸ್ತಿ. ಹಣವನ್ನು ಅಕ್ಟೋಬರ್‌ಗೆ ಎಳೆದುಬಿಡುತ್ತಾರೆ. ಆಪರೇಟರ್ ನೆನಪಿನಲ್ಲೂ ಹಾಗೇ ಇತ್ತು. ಬಡ್ತಿಯ ದಿನ ಕ್ಯಾಂಟೀನಿನಲ್ಲಿ ಎಲ್ಲರಿಗೂ ಮೈಸೂರ್ ಪಾಕ್ ಹಂಚಿದ್ದೇನೆ, ಸಂಬಳ ಏರದೆ ಹಂಚುತ್ತಿದ್ದೆನಾ ಎಂದರು. ಪಾಸ್‌ಬುಕ್ ನೋಡಿದರೆ ಡಿಸೆಂಬರ್‌, ಜನವರಿ, ಫೆಬ್ರವರಿಯಲ್ಲಿ 792, ಮಾರ್ಚ್‌ನಲ್ಲಿ 1,116, ಏಪ್ರಿಲ್‌ನಿಂದ 900. 1,116ರಲ್ಲಿ 900 ತೆಗೆದರೆ 216, ತಿಂಗಳಿಗೆ 108ರ ಹಾಗೆ ಎರಡೇ ತಿಂಗಳು. ಜನವರಿ, ಫೆಬ್ರವರಿ. ಅಕ್ಟೋಬರ್‌ಗೆ ಜಾಗವಿಲ್ಲ.

ಆ ಮೂರು ತಿಂಗಳಿಗೂ ಹಣ ಕೊಡಬೇಕಿತ್ತೇ ಎಂಬುದು ಬೇರೆ ಪ್ರಶ್ನೆ, ಕೇಳುವ ಹಕ್ಕು ಅವರಿಗಿದೆ. ಆದರೆ ಪಟ್ಟಿಯಲ್ಲಿ ಬರಬೇಕಾದದ್ದು ಮಂಜೂರಾದದ್ದು, ಆಗಬೇಕಿತ್ತು ಎನಿಸಿದ್ದಲ್ಲ.

2014ರ ಏಪ್ರಿಲ್‌ಗೆ ಪತ್ರ ಇಲ್ಲ. ಅದೂ ಕಳೆದುಹೋಯಿತಾ?

ಪ್ರತಿ ಖಾಲಿ ವರ್ಷವೂ ಕಳೆದ ಪತ್ರವಲ್ಲ. ಮಾರ್ಚ್ 2014ರ ಪತ್ರವನ್ನು ಕೊನೆಯವರೆಗೆ ಓದಿದರೆ "ಮುಂದಿನ ಇಂಕ್ರಿಮೆಂಟ್ 01-04-2015ಕ್ಕೆ" ಎಂದಿದೆ. ಬಡ್ತಿಯ ಏರಿಕೆ ಆ ವರ್ಷದ ಇಂಕ್ರಿಮೆಂಟನ್ನು ನುಂಗಿದೆ. ಪಾಸ್‌ಬುಕ್‌ನಲ್ಲೂ ಮುಂದಿನ ಮಾರ್ಚ್‌ವರೆಗೆ 900 ಕದಲಿಲ್ಲ. ಅವರ ನಂತರ ಸೇರಿದವರು ಮುಂದೆ ಬಂದದ್ದು ಈ ಜಾಗದಲ್ಲಿ. ಅವರಿಗೆ ಬಡ್ತಿ ಆರು ತಿಂಗಳು ತಡವಾಗಿ ಬಂತು, ಆದರೆ ಏಪ್ರಿಲ್ ಇಂಕ್ರಿಮೆಂಟ್ ಕೈಯಲ್ಲಿ ಹಿಡಿದುಕೊಂಡು ಬಂತು. ಬೇಗ ಬಡ್ತಿ ಪಡೆದವರಿಗೆ ಕಡಿಮೆ ಬೇಸಿಕ್ ಆಗುವುದು ಹೀಗೆ.

2020ರ ಖಾಲಿಗೆ ಬೇರೆ ಕಾರಣ. ಆ ವರ್ಷ ಯಾರಿಗೂ ಇಂಕ್ರಿಮೆಂಟ್ ಇಲ್ಲ ಎಂಬ ಸುತ್ತೋಲೆ ಸಾಮಾನ್ಯ ಫೈಲಿನಲ್ಲಿತ್ತು. ಅದರ ಪ್ರತಿಯೊಂದನ್ನು ಇವರ ಫೈಲಿಗೂ ಹಾಕಿದೆವು.

ಯೂನಿಯನ್ ಇರುವ ಕಡೆ ಸಂಬಳ ಏರುವುದು ಸೆಟ್ಲ್‌ಮೆಂಟ್ ಒಪ್ಪಂದದಿಂದ. ಅಲ್ಲೂ ಒಬ್ಬೊಬ್ಬರಿಗೆ ಪತ್ರ ಇರುವುದಿಲ್ಲ. ಒಪ್ಪಂದದ ಪ್ರತಿಯನ್ನೇ ಆಧಾರವಾಗಿ ಬರೆಯಿರಿ.

ಇತ್ತೀಚಿನ ಪತ್ರಗಳಲ್ಲಿ ವರ್ಷದ ಸಿಟಿಸಿ ಮಾತ್ರ ಇದೆ. ಬೇಸಿಕ್ ಎಲ್ಲಿಂದ ತರಲಿ?

ಪತ್ರಕ್ಕೆ ವಿವರದ ಹಾಳೆ ಲಗತ್ತಾಗಿರುತ್ತದೆ, ಪಿನ್ ಬಿಚ್ಚಿ ಬೇರೆಲ್ಲೋ ಹೋಗಿರುತ್ತದೆ. ಇವರ 2015ರ ಪತ್ರ "ವಾರ್ಷಿಕ 2,16,000" ಎಂದಷ್ಟೇ ಹೇಳಿತು. 12ರಿಂದ ಭಾಗಿಸಿ 18,000ವನ್ನು ಬೇಸಿಕ್ ಕಾಲಂಗೆ ಹಾಕಿದರೆ ಒಂದೇ ವರ್ಷದಲ್ಲಿ ಸಂಬಳ ಎರಡೂವರೆ ಪಟ್ಟು ಹತ್ತಿರ ಏರಿದ ಹಾಗೆ ಕಾಣುತ್ತದೆ. ಸಿಟಿಸಿಯೊಳಗೆ ಮನೆ ಬಾಡಿಗೆ ಭತ್ಯೆ, ಕಂಪನಿಯ ಪಿಎಫ್ ಪಾಲು ಎಲ್ಲ ಸೇರಿರುತ್ತದೆ. ಅದಕ್ಕೆ ಎಂಟನೇ ಕಾಲಂ ಮಾಡಿ, ಬೇಸಿಕ್‌ನೊಂದಿಗೆ ಬೆರೆಸಬೇಡಿ. ಪಾಸ್‌ಬುಕ್‌ನಲ್ಲಿ ಏಪ್ರಿಲ್ 2015ರ ಕಡಿತ 1,080 ಇತ್ತು. ಬೇಸಿಕ್ 9,000, ಸಿಟಿಸಿಯ ಸರಿಯಾಗಿ ಅರ್ಧ. ಮುಂದಿನ ವರ್ಷದ ಪತ್ರದಲ್ಲಿ ಸಿಕ್ಕಿದ ವಿವರದ ಹಾಳೆಯೂ ಅದೇ ಅರ್ಧದ ಲೆಕ್ಕ ತೋರಿಸಿತು.

ಒಂದು ದಿನಾಂಕ ಕೊಟ್ಟರೆ ಆ ದಿನದ ಬೇಸಿಕ್ ತಕ್ಷಣ ಹೇಳುವ ಹಾಗೆ ಮಾಡಬಹುದಾ?

ಆಗುತ್ತದೆ. A ಕಾಲಂ ಹಳೆಯದರಿಂದ ಹೊಸದಕ್ಕೆ ಜೋಡಿಸಿರಬೇಕು. ಬೇಕಾದ ದಿನಾಂಕ K1ರಲ್ಲಿ ಇದ್ದರೆ:

```
=LOOKUP(K1,A2:A40,E2:E40)
```

ರದ್ದಾದ ಪತ್ರದ ಸಾಲು ನಡುವೆ ಉಳಿದಿದ್ದರೆ ತಪ್ಪು ಮೊತ್ತ ಬರಬಹುದು. ಅದಕ್ಕೇ ಅದನ್ನು ಟಿಪ್ಪಣಿಗೆ ಸರಿಸಿ ಎಂದದ್ದು.

ಸಿಗದ ಪತ್ರಕ್ಕೆ ಹಳೆ ದಿನಾಂಕ ಹಾಕಿ ಹೊಸ ಪ್ರತಿ ಮಾಡಿಸಿದರೆ ಫೈಲು ಪೂರ್ತಿಯಾಗುತ್ತದಲ್ವಾ?

ಬೇಡವೇ ಬೇಡ. 2011ರಲ್ಲಿ ಸಹಿ ಮಾಡುತ್ತಿದ್ದ ಮ್ಯಾನೇಜರ್ ಈಗ ಇಲ್ಲ, ಲೆಟರ್‌ಹೆಡ್ ಬದಲಾಗಿದೆ, ಫೋನ್ ನಂಬರ್ ಬದಲಾಗಿದೆ. ಯಾರಾದರೂ ಒಂದು ದಿನ ಹಿಡಿದೇ ಹಿಡಿಯುತ್ತಾರೆ. ಆಮೇಲೆ ಫೈಲಿನ ಒಳ್ಳೆಯ ಪತ್ರಗಳ ಮೇಲೂ ಅನುಮಾನ ಬರುತ್ತದೆ. ಆ ಸಾಲಿನಲ್ಲಿ ಪತ್ರದ ದಿನಾಂಕ ಖಾಲಿ ಬಿಡಿ. ಆಧಾರದ ಕಾಲಂನಲ್ಲಿ "ಪತ್ರ ಸಿಕ್ಕಿಲ್ಲ, 2011-12ರ 3ಎ ಕಾರ್ಡಿನಿಂದ" ಎಂದು ಬರೆದು, ಕಾರ್ಡಿನ ಜೆರಾಕ್ಸ್ ಮೇಲೆ ಇವತ್ತಿನ ದಿನಾಂಕ ಹಾಕಿ ಸಹಿ ಮಾಡಿ ಫೈಲಿಗೆ ಸೇರಿಸಿ. ನಮ್ಮ ಆಪರೇಟರ್‌ಗೆ ಆ ಸಾಲನ್ನೇ ತೋರಿಸಿದೆವು. ಮರುವಾರ ಅವರು ಮನೆಯ ಟ್ರಂಕಿನಿಂದ ಮೂಲ ಪತ್ರವನ್ನೇ ತಂದುಕೊಟ್ಟರು. ಅದರಲ್ಲಿ 01-04-2011, 5,000ದಿಂದ 5,500 ಎಂದಿತ್ತು.